ಗಣ್ಯರು ಹದಿನಾಲ್ಕು, ಸುದ್ದಿ ಒಂದೂವರೆ ಸಾಲು

ಹೊಸೂರಿನ ಕಡೆ ಕಾರ್ಖಾನೆಯವರು ಸುಮ್ಮನೆ ಒಂದು ನಲ್ಲಿ ಹಾಕಿಸುವುದಿಲ್ಲ. ಹಾಕಿಸಿದರೆ ಅದಕ್ಕೊಂದು ರಿಬ್ಬನ್ನು, ರಿಬ್ಬನ್ನಿಗೊಬ್ಬ ಗಣ್ಯರು, ಗಣ್ಯರಿಗೊಂದು ಪೊನ್ನಾಡೈ, ಇಷ್ಟಕ್ಕೂ ಸೇರಿ ಒಂದು ಪ್ರೆಸ್ ನೋಟು. ನಲ್ಲಿಯಲ್ಲಿ ನೀರು ಬಾರದಿದ್ದರೂ ನಡೆದೀತು, ಪ್ರೆಸ್ ನೋಟು ಬಾರದಿದ್ದರೆ ಆ ಕೆಲಸ ಆಗಿಯೇ ಇಲ್ಲ ಎಂದು ಲೆಕ್ಕ.

ಪತ್ರಿಕೆಯ ಡೆಸ್ಕಿನಲ್ಲಿ ಕೂತು ಕಣ್ಣು ಹಾಳು ಮಾಡಿಕೊಂಡವನು ಎಂಬ ಒಂದೇ ಅರ್ಹತೆಯ ಮೇಲೆ ಇಂಥ ಕರಡುಗಳು ನನ್ನ ಬಳಿಗೆ ಬರುತ್ತವೆ. ‘ಸ್ವಲ್ಪ ನೋಡಿ ಕೊಡಿ ಸಾರ್’ ಅನ್ನುತ್ತಾರೆ. ನೋಡಿ ಕೊಡಿ ಎಂದರೆ ಕಾಗುಣಿತ ತಿದ್ದಿ, ಚೆನ್ನಾಗಿದೆ ಅನ್ನಿ, ನಿಮಗೆ ಗೊತ್ತಿರುವವರಿಗೆ ಹೇಳಿ ಹಾಕಿಸಿ ಎಂದು ಅರ್ಥ. ಅದರಲ್ಲಿ ಸುದ್ದಿ ಇದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮದುವೆ ಮನೆಯಲ್ಲಿ ಹುಡುಗ ಎಲ್ಲಿ ಎಂದು ಕೇಳಿದರೆ ಹೇಗೋ ಹಾಗೆ, ಅದು ಕೇಳಬಾರದ ಪ್ರಶ್ನೆ.

ಈಗ ನನ್ನ ಮುಂದಿರುವುದನ್ನೇ ನೋಡಿ. ನಾಲ್ಕಾರು ಕಡೆಯಿಂದ ಬಂದ ಕರಡುಗಳನ್ನು ಕಲಸಿ ಒಂದು ಮಾಡಿದ್ದೇನೆ, ಹೆಸರೆಲ್ಲ ತೆಗೆದಿದ್ದೇನೆ. ಹಾಗಾಗಿ ಸಿಪ್‌ಕಾಟ್‌ನ ಯಾವ ಸಾಹೇಬರೂ ಇದು ತಮ್ಮದೇ ಎಂದು ಕೋಪಿಸಿಕೊಳ್ಳಬೇಕಿಲ್ಲ, ಹೆಮ್ಮೆಪಡಲೂ ಬೇಕಿಲ್ಲ. ಒಂದು ಬಿಡಿಭಾಗ ತಯಾರಿಸುವ ಕಾರ್ಖಾನೆ. ತಳಿ ಕಡೆಯ ಒಂದು ಸರ್ಕಾರಿ ಕನ್ನಡ ಶಾಲೆ. ಅಲ್ಲಿಗೊಂದು ಆರ್.ಓ. ಕುಡಿಯುವ ನೀರಿನ ಘಟಕ. ಒಂದೂವರೆ ಪುಟದ ಕರಡನ್ನು ಹಿಡಿದು ಬಂದವನು ಕಾರ್ಖಾನೆಯ ಪ್ರಚಾರ ನೋಡಿಕೊಳ್ಳುವ ಹುಡುಗ. ಒಳ್ಳೆಯವನು, ತಮಿಳು, ತೆಲುಗು, ಕನ್ನಡ ಮೂರರಲ್ಲೂ ‘ಸಾರ್’ ಅನ್ನಬಲ್ಲವನು.

ತಲೆಬರಹ ಹೀಗಿತ್ತು: ‘ಸಾಮಾಜಿಕ ಹೊಣೆಗಾರಿಕೆಯಲ್ಲಿ ನೂತನ ಮೈಲಿಗಲ್ಲು: ಮಕ್ಕಳ ಉಜ್ವಲ ಭವಿಷ್ಯಕ್ಕಾಗಿ ಅತ್ಯಾಧುನಿಕ ಶುದ್ಧ ಕುಡಿಯುವ ನೀರಿನ ಘಟಕದ ಅದ್ದೂರಿ ಲೋಕಾರ್ಪಣೆ.’ ಎಣಿಸಿದೆ, ಹದಿನಾಲ್ಕು ಪದ. ಕೆಳಗಿನ ಮೊದಲ ಪ್ಯಾರಾದಲ್ಲಿ ಗಣ್ಯರೂ ಹದಿನಾಲ್ಕು. ತಲೆಗೊಂದು ಪದ ಬರಲಿ ಎಂದೇ ಹೀಗೆ ಬರೆದಿದ್ದಾರೆಯೇ ಎಂಬ ಅನುಮಾನ ಬಂತು.

ಮೊದಲ ಪರೀಕ್ಷೆ ಸುಲಭ, ಒಂದು ಪೆನ್ಸಿಲ್ ಸಾಕು. ಕರಡಿನಲ್ಲಿರುವ ಹೆಸರು, ಹುದ್ದೆ, ಬಿರುದು ಎಲ್ಲವನ್ನೂ ಹೊಡೆದುಹಾಕುತ್ತ ಹೋಗಿ. ಆಮೇಲೆ ‘ಅದ್ದೂರಿ’, ‘ಅತ್ಯಾಧುನಿಕ’, ‘ಹೆಮ್ಮೆಯ’, ‘ವಿನೂತನ’ ಇತ್ಯಾದಿ ಗುಣವಾಚಕಗಳನ್ನು ಹೊಡೆಯಿರಿ. ಇನ್ನೂ ಏನಾದರೂ ಉಳಿದಿದ್ದರೆ ಅದನ್ನು ಒಬ್ಬ ಓದುಗನ ಮುಂದಿಟ್ಟು, ಇದರಿಂದ ಯಾರ ಬದುಕಿನಲ್ಲಿ ನಿನ್ನೆಗೂ ಇವತ್ತಿಗೂ ಏನು ಬದಲಾಯಿತು ಎಂದು ಕೇಳಿ. ಉತ್ತರ ಬಂದರೆ ಸುದ್ದಿ. ಬಾರದಿದ್ದರೆ ಅದು ಜಾಹೀರಾತು, ಅದಕ್ಕೆ ಪತ್ರಿಕೆಯಲ್ಲಿ ಬೇರೆ ವಿಭಾಗವಿದೆ, ಅಲ್ಲಿ ಸಂತೋಷವಾಗಿ ಬಿಲ್ ಕೊಡುತ್ತಾರೆ.

ನಮ್ಮ ಕರಡಿನ ಮೇಲೆ ಪೆನ್ಸಿಲ್ ಆಡಿಸಿದೆ. ಮೊದಲ ಪ್ಯಾರಾ ಪೂರ್ತಿ ಹೋಯಿತು. ಎರಡನೆಯದರಲ್ಲಿ ದೀಪ ಬೆಳಗಿಸಿದ್ದು, ಪ್ರಾರ್ಥನೆ ಹಾಡಿದ್ದು, ಸ್ವಾಗತ, ನಿರೂಪಣೆ, ವಂದನಾರ್ಪಣೆ ಎಲ್ಲ ಇದ್ದವು. ಅದೂ ಹೋಯಿತು. ಮೂರನೆಯದು ಕಂಪನಿಯ ಚರಿತ್ರೆ. ಕೊನೆಯ ಪ್ಯಾರಾದ ತುದಿಯಲ್ಲಿ, ಬಾಗಿಲ ಹಿಂದೆ ನಿಂತ ಮಗುವಿನ ಹಾಗೆ, ಒಂದೂವರೆ ಸಾಲು ಉಳಿದಿತ್ತು: ‘ಶಾಲೆಯ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಕಂಡುಬಂದ ಹಿನ್ನೆಲೆಯಲ್ಲಿ ಸಂಸ್ಥೆಯು ಈ ಘಟಕವನ್ನು ಸ್ಥಾಪಿಸಿದೆ.’

‘ಇದನ್ನ ಯಾಕಪ್ಪ ಕೊನೆಗೆ ಹಾಕಿದೆ?’ ಅಂದೆ.

‘ಸಾಹೇಬ್ರು ತೆಗೆದುಬಿಡು ಅಂದ್ರು ಸಾರ್. ನೆಗೆಟಿವ್ ಅಂತೆ. ನಾನೇ ಇರಲಿ ಅಂತ ಉಳಿಸಿದೀನಿ.’

ಆ ಹುಡುಗನಿಗೆ ಗೊತ್ತಿಲ್ಲದೆಯೇ ಅವನೊಳಗೊಬ್ಬ ಪತ್ರಕರ್ತನಿದ್ದ. ಕರಡಿನ ಜೊತೆ ಪಿನ್ ಮಾಡಿದ ಲ್ಯಾಬ್ ವರದಿಯೂ ಇತ್ತು. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 2.1 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಸಹಿಸಬಹುದು. ಅದಕ್ಕೂ ಮೇಲಿನದನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ, ಇನ್ನೂ ಹೆಚ್ಚಾದರೆ ಮೂಳೆಗೆ ಇಳಿಯುತ್ತದೆ. ಇದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಇನ್ನಷ್ಟು ದಟ್ಟವಾಗುತ್ತದೆ. ಕೃಷ್ಣಗಿರಿ, ಧರ್ಮಪುರಿ ಸೀಮೆಯವರಿಗೆ ಇದೇನೂ ಹೊಸದಲ್ಲ. ಹೊಗೇನಕಲ್ ಯೋಜನೆಯನ್ನು 2013ರಲ್ಲಿ ಚಾಲೂ ಮಾಡಿದ್ದೇ ಈ ಎರಡು ಜಿಲ್ಲೆಗಳ ಫ್ಲೋರೈಡ್ ತಾಪತ್ರಯಕ್ಕಾಗಿ, ಯೋಜನೆಯ ಹೆಸರಿನಲ್ಲಿಯೇ ಅದಿದೆ. 2008ರಲ್ಲಿ ಅದೇ ಯೋಜನೆಗಾಗಿ ಎರಡು ರಾಜ್ಯಗಳು ಗುದ್ದಾಡಿದ್ದೂ ನೆನಪಿರಬಹುದು. ಅಂಥ ಊರಿನಲ್ಲಿ ನಿಂತು, ಫ್ಲೋರೈಡನ್ನು ‘ನೆಗೆಟಿವ್’ ಎಂದು ಬದಿಗಿಟ್ಟು ದೀಪ ಬೆಳಗಿಸಿದ್ದನ್ನು ‘ಪಾಸಿಟಿವ್’ ಎಂದು ಮುಂದಿಡುವುದಕ್ಕೆ ಎಂ.ಬಿ.ಎ.ಯೇ ಓದಿರಬೇಕು.

ಸಾಹೇಬರು ಹೆದರುವುದರಲ್ಲಿ ಅರ್ಥವಿಲ್ಲದೆ ಇಲ್ಲ. ಫ್ಲೋರೈಡ್ ಎಂದು ಬರೆದ ಕೂಡಲೇ ವರದಿಗಾರ, ಹಾಗಾದರೆ ಪಕ್ಕದ ಶಾಲೆಯ ಮಕ್ಕಳು ಏನು ಕುಡಿಯುತ್ತಿದ್ದಾರೆ ಎಂದು ಕೇಳುತ್ತಾನೆ. ಕೇಳಲಿ. ಕರಡೊಂದರ ಸುದ್ದಿಯೋಗ್ಯತೆ ಅಳೆಯಲು ಅದಕ್ಕಿಂತ ಒಳ್ಳೆಯ ಗುರುತಿಲ್ಲ. ಓದಿದವನಿಗೆ ಒಂದು ಪ್ರಶ್ನೆಯಾದರೂ ಹುಟ್ಟಬೇಕು. ದೀಪ ಬೆಳಗಿಸಿದ್ದನ್ನು ಓದಿ ಎಣ್ಣೆ ಯಾವುದು ಎಂದು ಇದುವರೆಗೆ ಯಾರೂ ಫೋನ್ ಮಾಡಿಲ್ಲ.

ಪತ್ರಿಕಾ ಪ್ರಕಟಣೆ ಎಂಬ ಜಾತಿಯ ಮೂಲಪುರುಷನೇ ಹುಟ್ಟಿದ್ದು ಕೆಟ್ಟ ಸುದ್ದಿಯಿಂದ. 1906ರ ಅಕ್ಟೋಬರ್ 28ರಂದು ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಪೆನ್ಸಿಲ್ವೇನಿಯಾ ರೈಲ್ವೆಯ ಪರವಾಗಿ ಐವಿ ಲೀ ಎಂಬಾತ ಆದದ್ದನ್ನು ಮುಚ್ಚಿಡದೆ ತಾನೇ ಬರೆದು ಪತ್ರಿಕೆಗಳಿಗೆ ಕೊಟ್ಟ. ನ್ಯೂಯಾರ್ಕ್ ಟೈಮ್ಸ್ ಅದನ್ನು ಹಾಗೆಯೇ ಅಚ್ಚು ಹಾಕಿತು. ನೂರು ವರ್ಷ ಕಳೆದು ಆ ವಿದ್ಯೆ ಹೊಸೂರು ತಲುಪುವ ಹೊತ್ತಿಗೆ ಅಪಘಾತ ಬಿದ್ದುಹೋಗಿ ರಿಬ್ಬನ್ನು ಮಾತ್ರ ಉಳಿಯಿತು. ಬೆಂಗಳೂರಿನ ಕೊಳಕು ದಕ್ಷಿಣ ಪಿನಾಕಿನಿಯಲ್ಲಿ ಇಳಿದು ಬಂದು ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ಬೆಟ್ಟದಷ್ಟು ನೊರೆ ಎದ್ದಾಗ ಯಾವ ಇಲಾಖೆಯೂ, ಯಾವ ಕಾರ್ಖಾನೆಯೂ ಪ್ರೆಸ್ ನೋಟು ಕಳಿಸುವುದಿಲ್ಲ. ಆದರೂ ಅದು ಫೋಟೋ ಸಮೇತ ಎಲ್ಲ ಪತ್ರಿಕೆಯಲ್ಲೂ ಬರುತ್ತದೆ. ನೋಟು ಬಂದ ಉದ್ಘಾಟನೆಗಳೆಲ್ಲ ಡೆಸ್ಕಿನ ಕಸದಬುಟ್ಟಿಯಲ್ಲಿ ಲೋಕಾರ್ಪಣೆಗೊಳ್ಳುತ್ತವೆ.

ಸುದ್ದಿ ಸಿಕ್ಕಿತು, ಸರಿ. ಯಾರಿಗೆ ಸುದ್ದಿ? ಈ ಗಡಿಯಲ್ಲಿ ಇದು ಬಿಡಿಸಲಾಗದ ಗಂಟು. ಹೊಸೂರು ಬೆಂಗಳೂರಿನಿಂದ ನಲವತ್ತು ಕಿಲೋಮೀಟರು. ಆದರೆ ಅತ್ತಿಬೆಲೆ ದಾಟಿತೆಂದರೆ ಕನ್ನಡ ಪತ್ರಿಕೆಯ ಡೆಸ್ಕಿಗೆ ಅದು ಹೊರರಾಜ್ಯ. ‘ಯಾವ ಪುಟಕ್ಕೆ ಹಾಕ್ಲಿ? ನಮಗೆ ಆನೇಕಲ್‌ವರೆಗೆ ಪುಟ ಇದೆ’ ಅನ್ನುತ್ತಾರೆ. ಆ ಕಡೆ ತಮಿಳು ಪತ್ರಿಕೆಯವರಿಗೆ ಇದು ಕೃಷ್ಣಗಿರಿ ಪುಟದ ಒಂದು ಮೂಲೆ. ಇಂಗ್ಲಿಷಿನವರ ಪ್ರಕಾರ ಹೊಸೂರು ಎಂದರೆ ಕಾರ್ಖಾನೆ, ಗುಲಾಬಿ, ವಿಮಾನ ನಿಲ್ದಾಣ. ನಾಲ್ಕನೆಯದು ಬೇಕಾದರೆ ಕಾಡಾನೆ. ಒಂದೇ ಕರಡನ್ನು ಮೂವರಿಗೂ ಕಳಿಸಿದರೆ ಮೂವರೂ ಬಿಸಾಡುತ್ತಾರೆ, ಆ ಮಟ್ಟಿಗೆ ಭಾಷಾ ಸಾಮರಸ್ಯ ಇದೆ.

ಹಾಗಾಗಿ ತಮಿಳು ಪತ್ರಿಕೆಗೆ ಮುಂದಿಡಬೇಕಾದ್ದು ಫ್ಲೋರೈಡ್ ಮತ್ತು ಪಂಚಾಯತಿಯ ಹೆಸರು. ಶಾಲೆ ಯಾವ ಮಾಧ್ಯಮದ್ದು ಎಂಬುದು ಅಲ್ಲಿ ಎರಡನೆಯ ಸಾಲಿಗೆ ಸಾಕು. ಕನ್ನಡ ಪತ್ರಿಕೆಗೆ ‘ಕನ್ನಡ ಶಾಲೆ’ ಎಂಬುದು ಮೊದಲ ಸಾಲಿನಲ್ಲೇ ಬೇಕು, ಅದಿಲ್ಲದಿದ್ದರೆ ಆ ಸುದ್ದಿಗೆ ಅತ್ತಿಬೆಲೆ ದಾಟಲು ಪರ್ಮಿಟ್ ಇಲ್ಲ. ಇಂಗ್ಲಿಷ್ ಪತ್ರಿಕೆಯ ವಾಣಿಜ್ಯ ಪುಟಕ್ಕೆ ಕಳಿಸಲೇಬೇಡಿ. ಒಂದು ಶಾಲೆಯ ನೀರಿನ ಘಟಕ ಷೇರುಪೇಟೆಯನ್ನು ಅಲ್ಲಾಡಿಸುವುದಿಲ್ಲ. ನನ್ನ ತೂಕ ಕೇಳಿದರೆ ಇದು ಜಿಲ್ಲಾ ಪುಟದಲ್ಲಿ ಸಿಂಗಲ್ ಕಾಲಮ್ಮಿನ ಸುದ್ದಿ. ರಾಜ್ಯ ಪುಟಕ್ಕೆ ಏರಬೇಕಾದರೆ ಆ ಪಂಚಾಯತಿಯ ಉಳಿದ ಶಾಲೆಗಳ ನೀರಿನ ವರದಿಯೂ ಬೇಕು, ಆದರೆ ಅದು ಕಂಪನಿಯ ಕೈಯಲ್ಲಿಲ್ಲ.

ಇದನ್ನು ಹೇಳಿದಾಗ ಹುಡುಗನ ಮುಖ ಸಣ್ಣಗಾಯಿತು. ‘ಫ್ರಂಟ್ ಪೇಜ್ ಅಂತ ಸಾಹೇಬ್ರಿಗೆ ಹೇಳ್ಬಿಟ್ಟಿದೀನಿ ಸಾರ್’ ಅಂದ. ಮುಖಪುಟಕ್ಕೆ ಯೋಗ್ಯತೆ ಏನೆಂದು ಅವನಿಗೆ ಇದೇ ಊರಿನ ಉದಾಹರಣೆ ಕೊಟ್ಟೆ. 2024ರ ಜೂನ್ 27ರಂದು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ವಿಧಾನಸಭೆಯಲ್ಲಿ ಹೊಸೂರಿಗೆ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಘೋಷಿಸಿದರು. 2,000 ಎಕರೆ, ವರ್ಷಕ್ಕೆ 3 ಕೋಟಿ ಪ್ರಯಾಣಿಕರು. ಊರು, ವಸ್ತು, ಎರಡು ಅಂಕಿ. ಗುಣವಾಚಕದ ಹಂಗೇ ಇಲ್ಲ, ಕಣ್ಣು ಮುಚ್ಚಿ ತಲೆಬರಹ ಕೊಡಬಹುದು. ಬೆಂಗಳೂರಿನ ಕನ್ನಡ ಪತ್ರಿಕೆಗಳಿಗೂ ಅಂದು ಹೊಸೂರು ಹೊರರಾಜ್ಯ ಅನ್ನಿಸಲಿಲ್ಲ, ಏಕೆಂದರೆ ಪೆಟ್ಟು ತಮ್ಮೂರಿನ ವಿಮಾನ ನಿಲ್ದಾಣಕ್ಕೆ.

ಆದರೆ ಅಂಥ ಘೋಷಣೆಯನ್ನೂ ಹಾಗೇ ನುಂಗಬಾರದು. ದೇವನಹಳ್ಳಿ ನಿಲ್ದಾಣ ನಡೆಸುವವರೊಂದಿಗೆ ಕೇಂದ್ರ ಸರ್ಕಾರದ ಒಪ್ಪಂದವೊಂದಿದೆ: ಮೈಸೂರು, ಹಾಸನ ಬಿಟ್ಟು 150 ಕಿಲೋಮೀಟರಿನೊಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ 25 ವರ್ಷ ಬರುವಂತಿಲ್ಲ. ದೇವನಹಳ್ಳಿ ಶುರುವಾದದ್ದು 2008ರಲ್ಲಿ, ಅಂದರೆ ಈ ಷರತ್ತು 2033ರವರೆಗೆ. ಘೋಷಣೆಯ ಅಂಕಿಗಳ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟವನೇ ಪತ್ರಕರ್ತ. ಪ್ರಕಟಣೆಯಲ್ಲಿ ಏನಿದೆ ಎಂಬುದಕ್ಕೆ ಅರ್ಧ ಅಂಕ, ಏನಿಲ್ಲ ಎಂಬುದನ್ನು ಹುಡುಕಿದ್ದಕ್ಕೆ ಇನ್ನರ್ಧ.

ನಮ್ಮ ಕರಡಿನಲ್ಲಿ ಇಲ್ಲದ್ದು ಯಾವುದು? ಗಂಟೆಗೆ ಎಷ್ಟು ಲೀಟರ್ ಎಂಬುದಿಲ್ಲ. ಶುದ್ಧವಾದ ನೀರನ್ನು ಮತ್ತೆ ಪರೀಕ್ಷೆ ಮಾಡಿಸಿದ ವರದಿಯಿಲ್ಲ. ಆರ್.ಓ. ಯಂತ್ರ ಒಂದು ಪಾಲು ನೀರನ್ನು ಶುದ್ಧ ಮಾಡುವಾಗ ಇನ್ನೊಂದು ಪಾಲನ್ನು ಹೊರಕ್ಕೆ ಚೆಲ್ಲುತ್ತದೆ, ಆ ಚೆಲ್ಲಿದ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ಹೆಚ್ಚು. ಅದು ಎಲ್ಲಿಗೆ ಹೋಗುತ್ತದೆ ಎಂಬುದಿಲ್ಲ. ಕೇಳಿದಾಗ ‘ಗಾರ್ಡನ್‌ಗೆ ಬಿಟ್ಟಿದೀವಿ ಸಾರ್, ಪರಿಸರ ಸ್ನೇಹಿ’ ಅಂದ. ಅದನ್ನು ಬರೆಯಬೇಡ, ಮೊದಲು ಸರಿಮಾಡು ಅಂದೆ. ಎಲ್ಲಕ್ಕಿಂತ ಮುಖ್ಯ, ಒಳಗಿನ ಮೆಂಬ್ರೇನ್ ಸವೆದಾಗ ಹೊಸದಕ್ಕೆ ದುಡ್ಡು ಯಾರದು ಎಂಬುದಿಲ್ಲ. ದುಡ್ಡಿಲ್ಲದೆ ನಿಂತ ಇಂಥ ಘಟಕಗಳು ಊರೂರಲ್ಲಿ ಇವೆ. ಮೇಲೆ ದಾನಿಗಳ ಹೆಸರಿನ ಕಲ್ಲು ಮಾತ್ರ ಫಳಫಳ.

ತಲೆಬರಹಕ್ಕೆ ಬರೋಣ. ಹುಡುಗ ಅಲ್ಲೇ ಕೂತು ಒಂದು ಹೊಸದನ್ನು ಬರೆದ: ‘ಗಡಿ ಕನ್ನಡ ಶಾಲೆಯ ಮಕ್ಕಳಿಗೆ ಕೊನೆಗೂ ಫ್ಲೋರೈಡ್ ಮುಕ್ತ ನೀರು.’ ಮೊದಲಿನದಕ್ಕಿಂತ ನೂರು ಪಾಲು ಮೇಲು. ಮಕ್ಕಳಿದ್ದಾರೆ, ನೀರಿದೆ, ಕಂಪನಿ ಮಾಯವಾಗಿದೆ. ಆದರೆ ಎರಡು ಕಡೆ ಮುಳ್ಳಿದೆ. ‘ಕೊನೆಗೂ’ ಎಂದರೆ ಇಷ್ಟು ದಿನ ಯಾರೋ ಕೊಡದೆ ಸತಾಯಿಸಿದರು ಎಂಬ ಆರೋಪ. ಅದು ವರದಿಗಾರ ಬರೆಯಬಹುದಾದ ಮಾತು, ಪ್ರಕಟಣೆಯವರದ್ದಲ್ಲ. ‘ಮುಕ್ತ’ ಎನ್ನುವುದಕ್ಕೆ ಪುರಾವೆ ಇಲ್ಲ. ಆರ್.ಓ. ಫ್ಲೋರೈಡನ್ನು ಇಳಿಸುತ್ತದೆ, ಎಷ್ಟು ಇಳಿಸಿತು ಎಂದು ಎರಡನೆಯ ಲ್ಯಾಬ್ ವರದಿ ಹೇಳಬೇಕು. ತಲೆಬರಹದ ಪ್ರತಿ ಪದಕ್ಕೂ ಕೆಳಗಿನ ಕಾಪಿಯಲ್ಲಿ ಜಾಮೀನು ಇರಬೇಕು, ಇಲ್ಲದಿದ್ದರೆ ಡೆಸ್ಕಿನವನು ಅದನ್ನು ಕಿತ್ತು ತನ್ನದೊಂದು ಹಾಕುತ್ತಾನೆ, ಅವನು ಹಾಕುವುದು ಸಾಹೇಬರಿಗೆ ಹಿಡಿಸುವುದಿಲ್ಲ.

ಕೊನೆಗೆ ನಿಂತದ್ದು ಇದು: ‘ಕನ್ನಡ ಶಾಲೆ ಬೋರ್‌ವೆಲ್‌ನಲ್ಲಿ ಫ್ಲೋರೈಡ್: ಶುದ್ಧೀಕರಣ ಘಟಕ ಆರಂಭ.’ ಏಳೇ ಪದ. ಸಮಸ್ಯೆಯೂ ಇದೆ, ಪರಿಹಾರವೂ ಇದೆ, ಎರಡಕ್ಕೂ ಕಾಗದ ಇದೆ. ಸಿಂಗಲ್ ಕಾಲಮ್ಮಿನಲ್ಲಿ ಮೂರು ಸಾಲಿಗೆ ಮುರಿದರೂ ಅರ್ಥ ಕೆಡುವುದಿಲ್ಲ. ಮೊದಲಿನ ಹದಿನಾಲ್ಕು ಪದದ್ದನ್ನು ಸಿಂಗಲ್ ಕಾಲಮ್ಮಿಗೆ ಹಾಕಿದ್ದರೆ ತಲೆಬರಹ ಮುಗಿಯುವಷ್ಟರಲ್ಲಿ ಪುಟ ಮುಗಿಯುತ್ತಿತ್ತು.

ಇನ್ನು ಹೇಳಿಕೆ. ಕರಡಿನಲ್ಲಿ ಕಾರ್ಖಾನೆಯ ಮುಖ್ಯಸ್ಥರು ಹೀಗೆ ಹೇಳಿದ್ದರು: ‘ಮಕ್ಕಳೇ ದೇಶದ ಭವಿಷ್ಯ. ನೀರೇ ಜೀವ. ಸಮಾಜದಿಂದ ಪಡೆದದ್ದನ್ನು ಸಮಾಜಕ್ಕೆ ಮರಳಿಸುವ ದಿಸೆಯಲ್ಲಿ ಇಟ್ಟ ಈ ಪುಟ್ಟ ಹೆಜ್ಜೆಯಿಂದ ಅತೀವ ಹರ್ಷವಾಗಿದೆ.’ ಹೇಳಿದ್ದರು ಎಂದೆನಲ್ಲ, ಸಮಾರಂಭ ಇದ್ದದ್ದು ನಾಡಿದ್ದು. ನಾಡಿದ್ದಿನ ಸಭೆಯಲ್ಲಿ ಅವರು ನಿನ್ನೆಯೇ ಮಾತಾಡಿ ಮುಗಿಸಿದ್ದರು, ಪೋಷಕರು ಭಾರಿ ಸಂಖ್ಯೆಯಲ್ಲಿ ಬಂದು ಹೋಗಿಯೂ ಆಗಿತ್ತು. ಮೊದಲೇ ಬರೆದಿಡುವುದು ತಪ್ಪಲ್ಲ, ಎಲ್ಲರೂ ಮಾಡುತ್ತಾರೆ. ಆದರೆ ಮೊದಲೇ ಬರೆಯುವ ಸೌಕರ್ಯ ಇದ್ದೂ ಇದನ್ನೇ ಬರೆಯುತ್ತಾರಲ್ಲ!

ಹೇಳಿಕೆಯನ್ನು ಅಳೆಯುವುದು ಹೀಗೆ. ಅದನ್ನು ಕಿತ್ತು ಇನ್ನೊಬ್ಬರ ಬಾಯಲ್ಲಿ ಇಡಿ. ಇದನ್ನು ಒಡವೆ ಅಂಗಡಿಯವರು ಹೇಳಬಹುದು, ಗುಲಾಬಿ ರಫ್ತಿನವರು ಹೇಳಬಹುದು, ಮಾವಿನ ತಿರುಳಿನ ಫ್ಯಾಕ್ಟರಿಯವರು ಹೇಳಬಹುದು, ಸೋತ ಅಭ್ಯರ್ಥಿಯೂ ಹೇಳಬಹುದು. ಯಾರ ಬಾಯಿಗಾದರೂ ಒಗ್ಗುವ ಮಾತು ಯಾರದ್ದೂ ಅಲ್ಲ. ವರದಿಗಾರನಿಗೆ ಬೇಕಾದ್ದು ಅವನಾಗಿ ಬರೆಯಲು ಬಾರದ ಮಾತು: ಒಂದು ವಾಗ್ದಾನ, ಒಂದು ಒಪ್ಪಿಗೆ, ಒಂದು ಅನುಭವ. ನಾಳೆ ಆ ಮಾತು ಹಿಡಿದು ಹೇಳಿದವರನ್ನು ಕೇಳುವಂತಿರಬೇಕು. ‘ಅತೀವ ಹರ್ಷ’ ಎಂದವರನ್ನು ಮುಂದಿನ ವರ್ಷ ಹೋಗಿ, ಸ್ವಾಮಿ ಹರ್ಷ ಈಗ ಎಷ್ಟಿದೆ ಎಂದು ಕೇಳಲಾದೀತೇ?

ಮೆಂಬ್ರೇನ್ ಖರ್ಚು ಯಾರದು ಎಂದು ಸಾಹೇಬರನ್ನೇ ಕೇಳು, ಅವರು ಹೇಳಿದ್ದನ್ನು ಹಾಗೇ ಬರೆದುಕೊಂಡು ಬಾ ಎಂದು ಹುಡುಗನನ್ನು ಕಳಿಸಿದೆ. ಮೊದಲ ಸಲ ಬಂದ ಉತ್ತರ: ‘ನಿರ್ವಹಣೆಗೆ ಸಂಬಂಧಿಸಿದಂತೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಇದು ಸಾಹೇಬರ ಬಾಯಿಂದ ಹೊರಟು ಲೀಗಲ್ ವಿಭಾಗದಲ್ಲಿ ಶುದ್ಧೀಕರಣಗೊಂಡು ಬಂದ ಮಾತು, ಅಲ್ಲಿನ ಆರ್.ಓ. ಮಾತ್ರ ಎಂದೂ ಕೆಡುವುದಿಲ್ಲ. ಮತ್ತೆ ಕಳಿಸಿದೆ. ಎರಡನೆಯ ಸಲ ಫೋನಿನಲ್ಲಿ ಸಾಹೇಬರೇ ಸಿಕ್ಕಿ ನೇರವಾಗಿ ಮಾತಾಡಿದರಂತೆ: ‘ಎರಡು ವರ್ಷ ಪೂರ್ತಿ ಖರ್ಚು ನಮ್ದೇ ಕಣಯ್ಯ. ಆಮೇಲಿಂದು ಪಂಚಾಯತಿ ಜೊತೆ ಮಾತಾಡ್ತಿದ್ದೀವಿ, ಇನ್ನೂ ಒಪ್ಪಿಲ್ಲ.’

ಇದು ಹೇಳಿಕೆ! ಅವಧಿ ಇದೆ, ಮಿತಿ ಇದೆ, ಇನ್ನೊಬ್ಬರ ಹೆಸರೂ ಬಂದದ್ದರಿಂದ ವರದಿಗಾರ ಪಂಚಾಯತಿಗೂ ಫೋನ್ ಮಾಡಬಹುದು. ‘ಕಣಯ್ಯ’ ತೆಗೆದರೆ ನೇರ ಅಚ್ಚಿಗೆ ಹೋಗುತ್ತದೆ. ಆದರೆ ‘ಇನ್ನೂ ಒಪ್ಪಿಲ್ಲ’ ಎಂಬುದನ್ನು ತೆಗೆಯಬೇಕೆಂದು ಮತ್ತೆ ಲೀಗಲ್‌ನಿಂದ ಫೋನ್ ಬಂತು. ಆ ಎರಡು ಪದಗಳಿಗಾಗಿ ಒಂದು ಮಧ್ಯಾಹ್ನ ಹೋಯಿತು, ಕರಡಿನ ಉಳಿದ ಭಾಗಕ್ಕಿಂತ ಅದೇ ಹೆಚ್ಚು ಬೆಲೆಯದು ಎಂಬುದಕ್ಕೆ ಇಷ್ಟು ಸಾಕು.

ಇನ್ನೊಂದು ಹೇಳಿಕೆ ಶಾಲೆಯ ಕಡೆಯಿಂದ ಬೇಕಿತ್ತು. ಹೆಡ್ ಮೇಡಂ ಒಳ್ಳೆಯ ಮಾತನ್ನೇ ಹೇಳಿ, ‘ನನ್ನ ಹೆಸ್ರು ಮಾತ್ರ ಹಾಕ್ಬೇಡಿ, ಮೇಲಿನವ್ರು ಕೇಳ್ತಾರೆ’ ಅಂದರು. ಸರ್ಕಾರಿ ನೌಕರರ ಕಷ್ಟ ಗೊತ್ತಿದ್ದದ್ದೇ, ಅನುಮತಿ ಇಲ್ಲದೆ ಅವರ ಮಾತನ್ನು ಕಂಪನಿಯ ಪ್ರಕಟಣೆಗೆ ಎಳೆಯುವುದು ತರವಲ್ಲ. ಹಾಗಾಗಿ ಶಾಲಾ ನಿರ್ವಹಣಾ ಸಮಿತಿಯಲ್ಲಿರುವ ಒಬ್ಬ ತಾಯಿಯನ್ನು ಹುಡುಗ ಕೇಳಿದ. ಆಯಮ್ಮ ಹೇಳಿದ್ದು ಇಷ್ಟು: ‘ಸ್ಕೂಲ್ ನೀರು ಸರಿಯಿಲ್ಲ ಅಂತ ಮನೆಯಿಂದ ಬಾಟ್ಲಿ ಕೊಟ್ಟು ಕಳಿಸ್ತಿದ್ವಿ. ಮನೆ ನೀರೂ ಅದೇ ಬೋರಿಂದು.’

ನಾನು ಪೆನ್ಸಿಲ್ ಕೆಳಗಿಟ್ಟೆ. ಹದಿನಾಲ್ಕು ಗಣ್ಯರು ಒಟ್ಟಾಗಿ ಕೂತು ಯೋಚಿಸಿದರೂ ಹೀಗೊಂದು ಮಾತು ಹೊರಡುತ್ತಿರಲಿಲ್ಲ. ಸುದ್ದಿಯ ಅಸಲು ಇದರಲ್ಲಿತ್ತು, ಮುಂದಿನ ಸುದ್ದಿಯೂ ಇದರಲ್ಲೇ ಇತ್ತು. ಶಾಲೆಯ ನಲ್ಲಿಗೆ ಯಂತ್ರ ಬಂತು, ಊರಿನ ನಲ್ಲಿಗೆ? ಹುಡುಗನೂ ಅದನ್ನು ಗ್ರಹಿಸಿದ್ದ. ಎರಡನೆಯ ಪ್ಯಾರಾದಲ್ಲಿ ಹಾಕಿದ. ಜೊತೆಗೆ ಉತ್ಸಾಹ ಹೆಚ್ಚಾಗಿ, ಹಲ್ಲು ಕಂದಾದ ಮಗುವಿನ ಫೋಟೋ ಒಂದು ಇಡೋಣವಾ ಎಂದೂ ಕೇಳಿದ. ಬೇಡ ಅಂದೆ. ಮಗುವಿನ ಹಲ್ಲು ಕಂಪನಿಯ ಬ್ಯಾನರ್ ಅಲ್ಲ.

ತಿದ್ದಿದ ಕರಡು ಸಾಹೇಬರ ಟೇಬಲ್ಲಿಗೆ ಹೋಗಿ ಬಂತು. ಆ ತಾಯಿಯ ಮಾತಿನ ಮೇಲೆ ಕೆಂಪು ಗೆರೆ ಬಿದ್ದಿತ್ತು. ತಲೆಬರಹದಲ್ಲಿ ‘ಫ್ಲೋರೈಡ್’ ಹೋಗಿ ‘ಅತ್ಯಾಧುನಿಕ’ ವಾಪಸು ಬಂದಿತ್ತು. ಗಣ್ಯರು ಹದಿನೈದಾಗಿದ್ದರು, ನಡುವೆ ಯಾರೋ ನೆನಪಾಗಿರಬೇಕು. ಎರಡು ವರ್ಷದ ಖರ್ಚಿನ ಮಾತು ಮಾತ್ರ ಯಾರ ಪುಣ್ಯದಿಂದಲೋ ಉಳಿದಿತ್ತು. ಅದೊಂದರ ಬಲದ ಮೇಲೆ ತಮಿಳು ಪತ್ರಿಕೆಯೊಂದು ಕೃಷ್ಣಗಿರಿ ಪುಟದಲ್ಲಿ ಐದು ಸಾಲು ಹಾಕಿತು. ಗಣ್ಯರ ಹೆಸರು ಒಂದೂ ಬರಲಿಲ್ಲ.

ಕರಡು ಬರೆಯುವ ಮಹನೀಯರಲ್ಲಿ ಒಂದು ವಿನಂತಿ. ಹೆಸರುಗಳನ್ನು ಬೇಕಾದರೆ ಪ್ರತ್ಯೇಕ ಹಾಳೆಯಲ್ಲಿ ಹಾಕಿ, ಲ್ಯಾಬ್ ವರದಿಯನ್ನು ಮೊದಲ ಹಾಳೆಗೆ ಪಿನ್ ಮಾಡಿ. ಕೊನೆಯಲ್ಲಿ, ವಿಷಯ ಗೊತ್ತಿರುವ ಒಬ್ಬರ ಫೋನ್ ನಂಬರ್ ಕೊಡಿ. ರಾತ್ರಿ ಎಂಟರ ಮೇಲೆ, ಪುಟ ಕಟ್ಟುವ ಹೊತ್ತಿಗೆ, ಡೆಸ್ಕಿನಿಂದ ಯಾರಾದರೂ ‘ಆ ನೀರನ್ನ ಮತ್ತೆ ಟೆಸ್ಟ್ ಮಾಡ್ಸಿದೀರಾ?’ ಎಂದು ಕೇಳಲು ಫೋನ್ ಮಾಡಿದರೆ, ದಯವಿಟ್ಟು ಎತ್ತಿ.